ಶಾಫ್ಟ್ ವ್ಯಾಸದ ಜಿಆರ್‌ಆರ್ ಫೇಲಾದರೆ ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಬೆಳಗಾವಿಯ ಉದ್ಯಮಬಾಗ್, ಮಚ್ಛೆ ಕಡೆಯ ಮಷಿನ್ ಶಾಪುಗಳಲ್ಲಿ ಗ್ರೈಂಡಿಂಗ್ ಆದ ಶಾಫ್ಟ್ ಕಳಿಸುವ ಮುಂಚೆ ಗಿರಾಕಿ ಜಿಆರ್‌ಆರ್ ರಿಪೋರ್ಟ್, ಅಂದರೆ ಅಳತೆಯಲ್ಲೇ ಎಷ್ಟು ಏರುಪೇರಿದೆ ಎಂದು ತೋರಿಸುವ ಲೆಕ್ಕ, ಕೇಳುವುದು ಈಗ ಮಾಮೂಲಿ. ರಿಪೋರ್ಟಿನಲ್ಲಿ 30 ಶೇಕಡಾ ದಾಟಿತೆಂದರೆ ಶಾಪಿನಲ್ಲಿ ಎರಡೇ ಮಾತು ಕೇಳಿಬರುತ್ತವೆ: ಹೊಸ ಮೈಕ್ರೋಮೀಟರ್ ತರಿಸಿ, ಇಲ್ಲವೇ ಆಪರೇಟರ್‌ಗೆ ಟ್ರೇನಿಂಗ್ ಕೊಡಿ. ಎರಡೂ ಊಹೆಯೇ. ದೋಷ ಉಪಕರಣದ್ದೋ, ಕೈಯದ್ದೋ, ಶಾಫ್ಟಿನದ್ದೋ, ಲೆಕ್ಕದ್ದೋ ಎಂಬುದನ್ನು ರಿಪೋರ್ಟಿಗಾಗಿ ತೆಗೆದ 90 ರೀಡಿಂಗ್‌ಗಳೇ ಹೇಳುತ್ತವೆ. ಅವನ್ನು ಸರಿಯಾದ ಕ್ರಮದಲ್ಲಿ ನೋಡಬೇಕು, ಅಷ್ಟೆ. ದುಡ್ಡು ಖರ್ಚಾಗದ ಪರೀಕ್ಷೆ ಮೊದಲು, ಲ್ಯಾಬಿಗೆ ಕಳಿಸುವುದು ಕೊನೆಗೆ.

ಇಲ್ಲಿ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಂಡಿದೆ. 24 ಮಿಮೀ ವ್ಯಾಸದ ಶಾಫ್ಟ್, ಫಿಟ್ h7. ಅಂದರೆ ಅಳತೆ 23.979ರಿಂದ 24.000 ಮಿಮೀ ಒಳಗೆ ಇರಬೇಕು, ಒಟ್ಟು ಟಾಲರೆನ್ಸ್ 21 ಮೈಕ್ರಾನ್. ಅಳೆಯುವುದು 0ರಿಂದ 25 ಮಿಮೀ ಡಿಜಿಟಲ್ ಮೈಕ್ರೋಮೀಟರ್, ಲೀಸ್ಟ್ ಕೌಂಟ್ 0.001 ಮಿಮೀ. ಮೂವರು ಆಪರೇಟರ್, ಹತ್ತು ಶಾಫ್ಟ್, ಪ್ರತಿಯೊಬ್ಬರೂ ಪ್ರತಿ ಶಾಫ್ಟನ್ನು ಮೂರು ಸಲ ಅಳೆದಿದ್ದಾರೆ.

## ಕೈ ಹಚ್ಚುವ ಮುಂಚೆ

ಅಳೆಯುವ ಶಾಫ್ಟ್ ಮಷಿನ್ ಮೇಲೆ ಇದ್ದರೆ ಸ್ಪಿಂಡಲ್ ಪೂರ್ತಿ ನಿಂತಿರಬೇಕು, ಗ್ರೈಂಡಿಂಗ್ ವೀಲ್ ಹಿಂದೆ ಸರಿದಿರಬೇಕು. ತಿರುಗುವ ಜಾಬ್‌ಗೆ ಮೈಕ್ರೋಮೀಟರ್ ಹಿಡಿಯುವುದು ಎಂದಿಗೂ ಬೇಡ. ಫ್ರೇಮ್ ಸಿಕ್ಕಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ತಿರುಗುವ ಮಷಿನ್ ಹತ್ತಿರ ಹ್ಯಾಂಡ್ ಗ್ಲೌಸ್ ಹಾಕಬಾರದು. ಏರ್ ಗನ್‌ನಿಂದ ಚಿಪ್ಸ್ ಹಾರಿಸುವಾಗ ಕಣ್ಣಿಗೆ ಕನ್ನಡಕ ಇರಲಿ, ಗಾಳಿಯನ್ನು ಯಾರ ಮೈಮೇಲೂ ಬಿಡಬೇಡಿ. ಸ್ಟಡಿಗೆ ತೆಗೆದುಕೊಂಡ ಶಾಫ್ಟನ್ನು ಮಷಿನ್ನಿಂದ ಇಳಿಸಿ ಸರ್ಫೇಸ್ ಪ್ಲೇಟ್ ಮೇಲೆ ಇಟ್ಟೇ ಅಳೆಯಿರಿ. ಅಪಾಯವೂ ಇಲ್ಲ, ಅರ್ಧ ದೋಷವೂ ಅಲ್ಲೇ ಕಳೆಯುತ್ತದೆ.

## ಲಕ್ಷಣ: ಶೇಕಡಾ ನಂಬಲಾಗದಷ್ಟು ಹೆಚ್ಚು, ಆದರೆ ರೀಡಿಂಗ್‌ಗಳು ಹತ್ತಿರ ಹತ್ತಿರ ಇವೆ

ಮೈಕ್ರೋಮೀಟರ್ ಮುಟ್ಟುವ ಮುಂಚೆ ಎಕ್ಸೆಲ್ ಶೀಟ್ ನೋಡಿ. ಶಾಪುಗಳಲ್ಲಿ ಒಬ್ಬರಿಂದೊಬ್ಬರಿಗೆ ಬಂದ ಹಳೆಯ ಶೀಟುಗಳು ಈಗಲೂ ಓಡಾಡುತ್ತಿವೆ. ಹಳೆಯ ಪದ್ಧತಿಯಲ್ಲಿ ಹರಡುವಿಕೆಯನ್ನು 5.15 ಸಿಗ್ಮಾದಿಂದ ಲೆಕ್ಕ ಮಾಡುತ್ತಿದ್ದರು, ಆ 5.15 ಗುಣಾಂಕದೊಳಗೇ ಸೇರಿಕೊಂಡಿರುತ್ತಿತ್ತು. ಆಗ ಮೂರು ಸಲದ ಅಳತೆಗೆ K1 3.05, ಮೂವರು ಆಪರೇಟರ್‌ಗೆ K2 2.70. ಈಗಿನ ಪದ್ಧತಿಯಲ್ಲಿ K1 0.5908, K2 0.5231, ಕೊನೆಗೆ 6ರಿಂದ ಗುಣಿಸುತ್ತಾರೆ. ಹಳೆಯ K1 ಇಟ್ಟುಕೊಂಡು ಕೊನೆಗೆ ಮತ್ತೆ 6ರಿಂದ ಗುಣಿಸಿದರೆ ಉತ್ತರ ಐದು ಪಟ್ಟು ಉಬ್ಬುತ್ತದೆ. ಶೀಟಿನಲ್ಲಿ 3.05 ಕಂಡರೆ ಅಲ್ಲೇ ನಿಲ್ಲಿ, ಸೂತ್ರವನ್ನು ಪೂರ್ತಿ ಓದಿ.

ಲೆಕ್ಕ ಇಷ್ಟೇ:

```
EV  = Rbar × 0.5908
AV  = √[(Xdiff × 0.5231)² − EV²/30]
GRR = √(EV² + AV²)
PV  = Rp × 0.3146
%GRR (tolerance) = 100 × 6 × GRR / 21
ndc = 1.41 × PV / GRR
```

ಇವಿ ಅಂದರೆ ಒಬ್ಬನೇ ಆಪರೇಟರ್ ಒಂದೇ ಶಾಫ್ಟನ್ನು ಮತ್ತೆ ಮತ್ತೆ ಅಳೆದಾಗ ಬರುವ ವ್ಯತ್ಯಾಸ. ಎವಿ ಅಂದರೆ ಒಬ್ಬ ಆಪರೇಟರ್‌ಗೂ ಇನ್ನೊಬ್ಬನಿಗೂ ನಡುವಿನ ವ್ಯತ್ಯಾಸ. ರೇಂಜ್ ಅಂದರೆ ಒಂದು ಶಾಫ್ಟಿನ ಮೂರು ಅಳತೆಗಳಲ್ಲಿ ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಇರುವ ಅಂತರ. `Rbar` ಎಲ್ಲ ರೇಂಜ್‌ಗಳ ಸರಾಸರಿ, `Xdiff` ಆಪರೇಟರ್‌ಗಳ ಸರಾಸರಿಗಳಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ಇರುವ ಅಂತರ, `Rp` ಹತ್ತು ಶಾಫ್ಟ್‌ಗಳ ಸರಾಸರಿಗಳ ರೇಂಜ್. ಪಿವಿ ಅಂದರೆ ಶಾಫ್ಟ್ ಶಾಫ್ಟಿಗೂ ಇರುವ ವ್ಯತ್ಯಾಸ, ಎನ್‌ಡಿಸಿ ಅಂದರೆ ಈ ಅಳತೆ ಶಾಫ್ಟುಗಳನ್ನು ಎಷ್ಟು ಬೇರೆ ಬೇರೆ ಗುಂಪಾಗಿ ಗುರುತಿಸಬಲ್ಲದು ಎಂಬ ಎಣಿಕೆ. ಎರಡನೇ ಸಾಲಿನ 30 ಅಂದರೆ ಹತ್ತು ಶಾಫ್ಟ್ ಗುಣಿಸು ಮೂರು ಸಲ. ಆ ಸಾಲಿನಲ್ಲಿ ವರ್ಗಮೂಲದೊಳಗೆ ಋಣ ಸಂಖ್ಯೆ ಬಂದರೆ ಎವಿ ಸೊನ್ನೆ ಎಂದು ತೆಗೆದುಕೊಳ್ಳಿ. ಅದು ತಪ್ಪಲ್ಲ, ಆಪರೇಟರ್‌ಗಳ ನಡುವೆ ಎದ್ದುಕಾಣುವ ವ್ಯತ್ಯಾಸ ಇಲ್ಲ ಎಂದಷ್ಟೇ ಅರ್ಥ.

## ಲಕ್ಷಣ: ರೇಂಜ್ ಕಾಲಮ್ಮಿನಲ್ಲಿ ಸೊನ್ನೆಗಳೇ ತುಂಬಿವೆ

ನೋಡಲು ಚೆಂದ, ಆದರೆ ಇದಕ್ಕೆ ಎರಡು ಕಾರಣಗಳಿರುತ್ತವೆ, ಎರಡೂ ಕೆಟ್ಟವು. ಮೊದಲನೆಯದು, ಉಪಕರಣದ ಲೀಸ್ಟ್ ಕೌಂಟ್ ದಪ್ಪವಾಗಿದೆ. 21 ಮೈಕ್ರಾನ್ ಟಾಲರೆನ್ಸ್‌ಗೆ 0.01 ಮಿಮೀ ಮೈಕ್ರೋಮೀಟರ್ ಹಿಡಿದರೆ ಇಡೀ ಟಾಲರೆನ್ಸ್ ಎರಡು ಗೆರೆಗಳಲ್ಲಿ ಮುಗಿಯುತ್ತದೆ. ಮೂರು ಸಲವೂ ಒಂದೇ ಅಂಕಿ ಬರುವುದು ಕೈ ಚಳಕವಲ್ಲ, ವ್ಯತ್ಯಾಸ ಕಾಣುವ ಕಣ್ಣೇ ಉಪಕರಣಕ್ಕಿಲ್ಲ. ಟಾಲರೆನ್ಸಿನ ಹತ್ತನೇ ಒಂದು ಭಾಗವನ್ನಾದರೂ ಓದುವ ಉಪಕರಣ ಬೇಕು. ಇಲ್ಲಿ ಅದು 2 ಮೈಕ್ರಾನ್.

ಎರಡನೆಯದು, ಆಪರೇಟರ್‌ಗೆ ಹಿಂದಿನ ರೀಡಿಂಗ್ ಗೊತ್ತಿದೆ. ತಾನೇ ಬರೆದುಕೊಳ್ಳುತ್ತಿದ್ದರೆ, ಶಾಫ್ಟಿನ ಮೇಲೆ ನಂಬರ್ ಕಾಣುತ್ತಿದ್ದರೆ, ಮೂರನೇ ಸಲ ಅಳೆಯುವಾಗ ಕೈ ತಾನಾಗಿಯೇ ಹಳೆಯ ಅಂಕಿಯ ಕಡೆಗೆ ವಾಲುತ್ತದೆ. ಇದರಲ್ಲಿ ಮೋಸವೇನಿಲ್ಲ, ಯಾರ ಕೈಯಾದರೂ ಹಾಗೇ ಮಾಡುತ್ತದೆ. ಆದ್ದರಿಂದ ಬರೆದುಕೊಳ್ಳುವವರು ಬೇರೆ ಇರಲಿ, ನಂಬರ್ ಶಾಫ್ಟಿನ ತುದಿಯ ಮುಖದ ಮೇಲೆ ಬರೆದು ಆಪರೇಟರ್‌ಗೆ ಕಾಣದಂತೆ ತಿರುಗಿಸಿ ಕೊಡಲಿ, ಪ್ರತಿ ಸುತ್ತಿನಲ್ಲೂ ಶಾಫ್ಟ್‌ಗಳ ಕ್ರಮ ಬದಲಾಗಲಿ. ಒಬ್ಬರು ಅಳೆಯುವಾಗ ಇನ್ನಿಬ್ಬರು ಪಕ್ಕದಲ್ಲಿ ನಿಲ್ಲಬಾರದು.

## ಲಕ್ಷಣ: ಒಬ್ಬನ ಸರಾಸರಿ ಮಾತ್ರ ಬೇರೆ, ಅವನ ರೇಂಜೂ ದೊಡ್ಡದು

ಗ್ರೈಂಡಿಂಗ್ ಶಾಪುಗಳಲ್ಲಿ ಹೆಚ್ಚಾಗಿ ಸಿಗುವುದು ಇದೇ, ಆದ್ದರಿಂದ ಇಲ್ಲಿ ನಿಧಾನವಾಗಿ ನಡೆಯೋಣ. ನಮ್ಮ ಉದಾಹರಣೆಯ ಮೂವರು ಆಪರೇಟರ್‌ಗಳ ಅಂಕಿ ಹೀಗಿವೆ. ಮೊದಲನೆಯವನ ಸರಾಸರಿ 23.9902, ಸರಾಸರಿ ರೇಂಜ್ 1.4 ಮೈಕ್ರಾನ್. ಎರಡನೆಯವನದು 23.9899, ರೇಂಜ್ 1.6. ಮೂರನೆಯವನದು 23.9871, ರೇಂಜ್ 3.6.

ಮೂರೂ ರೇಂಜ್‌ಗಳ ಸರಾಸರಿ 2.2 ಮೈಕ್ರಾನ್, ಹಾಗಾಗಿ ಇವಿ 1.30. ಸರಾಸರಿಗಳ ನಡುವಿನ ಅಂತರ 3.1 ಮೈಕ್ರಾನ್, ಅದರಿಂದ ಎವಿ 1.60. ಎರಡೂ ಸೇರಿ ಜಿಆರ್‌ಆರ್ 2.06 ಮೈಕ್ರಾನ್. ಟಾಲರೆನ್ಸ್ ಲೆಕ್ಕದಲ್ಲಿ 59 ಶೇಕಡಾ. ಶಾಫ್ಟ್‌ಗಳ ಸರಾಸರಿಯ ರೇಂಜ್ 13 ಮೈಕ್ರಾನ್ ಇದ್ದುದರಿಂದ ಪಿವಿ 4.09, ಎನ್‌ಡಿಸಿ 2.8, ದಶಮಾಂಶ ಬಿಟ್ಟರೆ 2. ಅದು 5 ಆದರೂ ಇರಬೇಕು. ಫೇಲ್.

ಈಗ ಇಡೀ ಶೀಟಿಗೆ ಒಂದೇ ಶೇಕಡಾ ಎಂದು ನೋಡುವುದನ್ನು ಬಿಟ್ಟು ರೇಂಜ್ ಚಾರ್ಟ್ ತೆಗೆಯಿರಿ. ಮೂರು ಸಲದ ಅಳತೆಗೆ ಮೇಲಿನ ಮಿತಿ ಸರಾಸರಿ ರೇಂಜಿನ 2.58 ಪಟ್ಟು, ಅಂದರೆ ಇಲ್ಲಿ 5.7 ಮೈಕ್ರಾನ್. ಮೂರನೆಯವನ ಎರಡು ಶಾಫ್ಟ್‌ಗಳ ರೇಂಜ್ 7 ಮತ್ತು 6. ಮಿತಿ ದಾಟಿವೆ. ಉಳಿದಿಬ್ಬರ ಒಂದೂ ದಾಟಿಲ್ಲ. ಅದೇ ಮೈಕ್ರೋಮೀಟರ್, ಅದೇ ಶಾಫ್ಟ್, ಅದೇ ಟೇಬಲ್. ಉಪಕರಣ ಕೆಟ್ಟಿದ್ದರೆ ಮೂವರ ಕೈಯಲ್ಲೂ ಕೆಡಬೇಕಿತ್ತು. ಹೊಸದು ತರಿಸುವ ಮಾತು ಇಲ್ಲಿಗೆ ಮುಗಿಯಿತು.

ಉಳಿದದ್ದು ಅವನು ಕಡಿಮೆ ಓದುತ್ತಿರುವುದು ಏಕೆ ಎಂಬುದು. ಕಡಿಮೆ ರೀಡಿಂಗ್ ಜೊತೆಗೆ ಏರುಪೇರೂ ಇದ್ದರೆ ಮೊದಲು ಸಂಶಯ ಪಡಬೇಕಾದದ್ದು ಒತ್ತಡ. ರ‍್ಯಾಚೆಟ್ ಬಿಟ್ಟು ಥಿಂಬಲ್ ಹಿಡಿದು ಬಿಗಿ ಮಾಡಿದರೆ ಮೈಕ್ರೋಮೀಟರಿನ ಫ್ರೇಮ್ ಸ್ವಲ್ಪ ಬಾಯಿ ಬಿಡುತ್ತದೆ, ಸ್ಪಿಂಡಲ್ ಅಷ್ಟು ಮುಂದೆ ಹೋಗುತ್ತದೆ, ಸ್ಕ್ರೀನ್ ಮೇಲೆ ಅಂಕಿ ಕಡಿಮೆ ಬರುತ್ತದೆ. ಜೀರೋ ಸೆಟ್ ಮಾಡುವಾಗ ರ‍್ಯಾಚೆಟ್, ಶಾಫ್ಟ್ ಅಳೆಯುವಾಗ ಥಿಂಬಲ್ ಬಳಸಿದ್ದರಂತೂ ವ್ಯತ್ಯಾಸ ಪೂರ್ತಿ ರೀಡಿಂಗಿಗೇ ಬಂದು ಕೂಡುತ್ತದೆ. ಪ್ರತಿ ಸಲದ ಬಿಗಿ ಒಂದೇ ಇರುವುದಿಲ್ಲವಾದ್ದರಿಂದ ರೇಂಜೂ ಬೆಳೆಯುತ್ತದೆ.

ಪಕ್ಕದಲ್ಲಿ ನಿಂತು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಹಾಗೆ ಕೇಳಿದರೆ ಬರುವ ಉತ್ತರವೂ ಗೊತ್ತಿರುವಂಥದ್ದೇ: "ಸರ್, ರ‍್ಯಾಚೆಟ್ ಬರೇ ಟಕ್ ಟಕ್ ಅಂತೈತ್ರಿ, ಶಾಫ್ಟ್ ಗಟ್ಟಿ ಹಿಡದಾಂಗ ಅನಸೂದಿಲ್ರಿ." ಲೇತ್ ಮೇಲೆ ವರ್ಷಗಟ್ಟಲೆ ಕೈ ಅಂದಾಜಿನಲ್ಲಿ ಒಳ್ಳೆಯ ಕೆಲಸ ಮಾಡಿದವರ ಮಾತು ಇದು. ಬೈಯುವುದರಿಂದ ಏನೂ ಬದಲಾಗದು. 24 ಮಿಮೀ ಸ್ಲಿಪ್ ಗೇಜ್ ಕೈಗೆ ಕೊಡಿ. ಇಲ್ಲದಿದ್ದರೆ 20 ಮತ್ತು 4 ಜೋಡಿಸಿ. ರ‍್ಯಾಚೆಟ್‌ನಿಂದ ಐದು ಸಲ, ಥಿಂಬಲ್‌ನಿಂದ ಐದು ಸಲ ಅವರೇ ಅಳೆದು ಬರೆಯಲಿ. ಸ್ಲಿಪ್ ಗೇಜಿನ ಅಳತೆ ಬದಲಾಗುವುದಿಲ್ಲವೆಂದು ಅವರಿಗೂ ಗೊತ್ತು. ಹತ್ತು ಅಂಕಿ ಎದುರಿಗಿದ್ದರೆ ಹೇಳುವುದು ಏನೂ ಉಳಿಯುವುದಿಲ್ಲ.

ಕ್ರಮ ಇಷ್ಟು ಇರಲಿ: ಮೈಕ್ರೋಮೀಟರಿನ ಎರಡೂ ಮುಖಗಳನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ, ರ‍್ಯಾಚೆಟ್ ಮೂರು ಸಲ ಟಕ್ ಎನ್ನುವ ತನಕ ಮುಚ್ಚಿ ಜೀರೋ ನೋಡಿ, ಅದೇ ಮೂರು ಸಲದ ಎಣಿಕೆಯಲ್ಲೇ ಶಾಫ್ಟ್ ಅಳೆಯಿರಿ. ರ‍್ಯಾಚೆಟನ್ನು ಜೋರಾಗಿ ತಿರುಗಿಸಿ ಬಿಟ್ಟರೂ ಸ್ಪಿಂಡಲ್ ವೇಗಕ್ಕೇ ಒತ್ತುತ್ತದೆ, ನಿಧಾನ ಬೇಕು. ಮುಖಗಳು ಮುಟ್ಟುವಾಗ ಮೈಕ್ರೋಮೀಟರನ್ನು ಸ್ವಲ್ಪ ಅಲುಗಿಸಿ ಶಾಫ್ಟಿನ ನಿಜವಾದ ವ್ಯಾಸದ ಮೇಲೆ ಕೂರಿಸಬೇಕು.

ಒಬ್ಬನ ಸರಾಸರಿ ಮಾತ್ರ ಸರಿದಿದ್ದು ರೇಂಜ್ ಉಳಿದವರಷ್ಟೇ ಚಿಕ್ಕದಿದ್ದರೆ ಕಥೆ ಬೇರೆ. ಅಲ್ಲಿ ಕೈ ಸ್ಥಿರವಾಗಿದೆ, ಜೀರೋ ತಪ್ಪಿದೆ. ಅವನ ಸರದಿಗೆ ಮುಂಚೆ ಯಾರೋ ಜೀರೋ ಬಟನ್ ಒತ್ತಿದ್ದಾರೆ, ಇಲ್ಲವೇ ಮುಖದ ಮೇಲೆ ಎಣ್ಣೆಯ ಪದರ ಇದ್ದಾಗಲೇ ಜೀರೋ ಮಾಡಿದ್ದಾರೆ.

## ಲಕ್ಷಣ: ಮೂವರ ರೇಂಜೂ ದೊಡ್ಡದು, ಸರಾಸರಿಗಳು ಮಾತ್ರ ಹೊಂದುತ್ತವೆ

ಇವಿ ದೊಡ್ಡದು, ಎವಿ ಚಿಕ್ಕದು. ಇದನ್ನು ಕಂಡ ಕೂಡಲೇ ಉಪಕರಣ ಕೆಟ್ಟಿದೆ ಎಂದು ಬರೆದುಬಿಡುವವರು ಹೆಚ್ಚು, ಏಕೆಂದರೆ ಫಾರ್ಮಿನಲ್ಲಿ ಇವಿಯನ್ನು ಉಪಕರಣದ ವ್ಯತ್ಯಾಸ ಎಂದೇ ಕರೆದಿದೆ. ಆದರೆ ಶಾಫ್ಟ್ ಪೂರ್ತಿ ದುಂಡಗಿಲ್ಲದಿದ್ದರೆ ಆ ಓವಾಲಿಟಿಯೂ ಇದೇ ಖಾತೆಗೆ ಜಮಾ ಆಗುತ್ತದೆ. ಆಪರೇಟರ್ ಮೂರು ಸಲ ಮೂರು ಕೋನದಲ್ಲಿ ಹಿಡಿದರೆ ಮೂರು ಬೇರೆ ವ್ಯಾಸ ಅಳೆದಂತೆ.

ಪರೀಕ್ಷೆಗೆ ಹತ್ತು ನಿಮಿಷ ಸಾಕು. ಒಂದೇ ಶಾಫ್ಟ್, ಒಬ್ಬನೇ ಆಪರೇಟರ್. ತುದಿಯಿಂದ 15 ಮಿಮೀ ದೂರದಲ್ಲಿ, ತುದಿಯ ಮುಖದ ಮೇಲೆ ಮಾರ್ಕರ್‌ನಿಂದ ಎಳೆದ ಗೆರೆಯ ನೇರಕ್ಕೆ ಆರು ಸಲ ಅಳೆಯಿರಿ. ಆಮೇಲೆ ಅದೇ 15 ಮಿಮೀ ಜಾಗದಲ್ಲಿ ಶಾಫ್ಟನ್ನು 30 ಡಿಗ್ರಿಯಂತೆ ತಿರುಗಿಸುತ್ತಾ ಆರು ಸಲ. ಒಂದೇ ಜಾಗದ ಆರು ರೀಡಿಂಗ್ 1 ಮೈಕ್ರಾನ್ ಒಳಗೆ ಇದ್ದು, ತಿರುಗಿಸಿದಾಗ 5 ಮೈಕ್ರಾನ್ ಓಡಾಡಿದರೆ ಮೈಕ್ರೋಮೀಟರ್ ನಿರಪರಾಧಿ. ಎರಡು ತುದಿಗಳ ನಡುವೆ ವ್ಯತ್ಯಾಸ ಬಂದರೆ ಅದು ಟೇಪರ್. ಒಂದೇ ಜಾಗದಲ್ಲೂ, ತಿರುಗಿಸಿದಾಗಲೂ ರೀಡಿಂಗ್ ಒಂದೇ ಥರ ಓಡಾಡಿದರೆ ಮಾತ್ರ ಉಪಕರಣದ ಮೇಲೆ ಸಂಶಯ ಪಡುವ ಸಮಯ.

ಓವಾಲಿಟಿ ಎಂದು ಖಾತ್ರಿಯಾದರೆ ಸ್ಟಡಿಗೆ ಎಲ್ಲ ಶಾಫ್ಟ್ ಮೇಲೂ ಅಳೆಯುವ ಜಾಗ ಗುರುತು ಹಾಕಿ, ಅಲ್ಲೇ ಅಳೆಯಿರಿ. ಗುರುತು ಅಳೆಯುವ ಮೈಮೇಲೆ ಬೇಡ, ಮಾರ್ಕರ್ ಇಂಕೂ ಒಂದು ಪದರವೇ. ಇದರಿಂದ ಜಿಆರ್‌ಆರ್ ಸರಿಯಾಗುತ್ತದೆ, ಶಾಫ್ಟ್ ಸರಿಯಾಗುವುದಿಲ್ಲ. 5 ಮೈಕ್ರಾನ್ ಓವಾಲಿಟಿ ಅಂದರೆ ಟಾಲರೆನ್ಸಿನ ಕಾಲು ಭಾಗ ಅಲ್ಲೇ ಹೋಯಿತು. ಅದನ್ನು ಗ್ರೈಂಡಿಂಗ್ ಮಷಿನ್ನಿನ ಸಮಸ್ಯೆಯಾಗಿ ಬೇರೆ ಬರೆದು ಬೇರೆ ಹಿಡಿಯಬೇಕು. ಗುರುತಿನ ಹಿಂದೆ ಅಡಗಿಸಿಬಿಟ್ಟರೆ ರಿಪೋರ್ಟ್ ಪಾಸಾಗಿ ಬೇರಿಂಗ್ ಕೂಡುವಾಗ ತೊಂದರೆ ಶುರುವಾಗುತ್ತದೆ.

ಸೆಂಟರ್‌ಲೆಸ್ ಗ್ರೈಂಡಿಂಗ್ ಆದ ಶಾಫ್ಟಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ಮೂರು ಉಬ್ಬಿನ ಆಕಾರ ಬರಬಹುದು, ಎದುರುಬದುರು ಎರಡೇ ಬಿಂದು ಮುಟ್ಟುವ ಮೈಕ್ರೋಮೀಟರ್ ಎಷ್ಟು ತಿರುಗಿಸಿದರೂ ಅದನ್ನು ಕಾಣುವುದಿಲ್ಲ. ಎಲ್ಲ ಕೋನದಲ್ಲೂ ಒಂದೇ ಅಂಕಿ ಬರುತ್ತದೆ, ಗೇಜ್ ರಿಂಗಿನಲ್ಲಿ ಮಾತ್ರ ಶಾಫ್ಟ್ ಹೋಗುವುದಿಲ್ಲ. ವಿ-ಬ್ಲಾಕ್ ಮೇಲಿಟ್ಟು ಡಯಲ್ ಹಚ್ಚಿ ತಿರುಗಿಸಿದರೆ ಮುಳ್ಳು ಒಂದು ಸುತ್ತಿಗೆ ಮೂರು ಸಲ ಏರಿಳಿಯುತ್ತದೆ.

## ಲಕ್ಷಣ: ಬೆಳಿಗ್ಗೆಯ ರೀಡಿಂಗ್‌ಗೂ ಮಧ್ಯಾಹ್ನದ ರೀಡಿಂಗ್‌ಗೂ ತಾಳೆ ಇಲ್ಲ

ರೀಡಿಂಗ್‌ಗಳನ್ನು ಅಳೆದ ಸಮಯದ ಕ್ರಮದಲ್ಲಿ ಜೋಡಿಸಿ ನೋಡಿ. ನಿಧಾನವಾಗಿ ಒಂದೇ ಕಡೆಗೆ ಸರಿಯುತ್ತಿದ್ದರೆ ಅದು ಶಾಖ. ಉಕ್ಕು ಪ್ರತಿ ಮೀಟರಿಗೆ ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 24 ಮಿಮೀ ಶಾಫ್ಟ್ ಮೈಕ್ರೋಮೀಟರಿಗಿಂತ 8 ಡಿಗ್ರಿ ಬಿಸಿಯಿದ್ದರೆ 2.2 ಮೈಕ್ರಾನ್ ಹೆಚ್ಚು ತೋರಿಸುತ್ತದೆ. 21ರ ಟಾಲರೆನ್ಸಿನಲ್ಲಿ ಇದು ಚಿಕ್ಕ ಮಾತಲ್ಲ.

ಏಪ್ರಿಲ್ ಮಧ್ಯಾಹ್ನ ತಗಡಿನ ಶೆಡ್ಡಿನೊಳಗೆ ಕಾದರೆ ಏನು ಗತಿ ಎಂದು ಕೇಳುವವರಿದ್ದಾರೆ. ಇಂಥ ಹೋಲಿಕೆಯ ಸ್ಟಡಿಗೆ ಶೆಡ್ಡಿನ ಬಿಸಿ ಅಷ್ಟು ಮುಖ್ಯವಲ್ಲ. ಶಾಫ್ಟ್, ಮೈಕ್ರೋಮೀಟರ್ ಎರಡೂ ಉಕ್ಕಿನವೇ ಆದ್ದರಿಂದ ಒಂದೇ ಬಿಸಿಯಲ್ಲಿದ್ದರೆ ಹಿಗ್ಗುವುದೂ ಹೆಚ್ಚುಕಡಿಮೆ ಒಂದೇ. ಕೆಡಿಸುವುದು ಎರಡರ ನಡುವಿನ ವ್ಯತ್ಯಾಸ: ಗ್ರೈಂಡಿಂಗ್‌ನಿಂದ ಈಗಷ್ಟೇ ಇಳಿದ ಶಾಫ್ಟ್, ಕಿಟಕಿಯ ಬಿಸಿಲು ಬಿದ್ದ ಟೇಬಲ್, ಅರ್ಧ ಗಂಟೆ ಅಂಗೈಯಲ್ಲೇ ಇದ್ದ ಮೈಕ್ರೋಮೀಟರ್. ಕೊನೆಯದರಲ್ಲಿ ಫ್ರೇಮ್ ಹಿಗ್ಗಿ ರೀಡಿಂಗ್ ಕಡಿಮೆಯಾಗುತ್ತಾ ಹೋಗುತ್ತದೆ. ಹತ್ತೂ ಶಾಫ್ಟ್, ಮೈಕ್ರೋಮೀಟರ್, ಸ್ಲಿಪ್ ಗೇಜ್ ಎಲ್ಲವನ್ನೂ ಹಿಂದಿನ ರಾತ್ರಿಯೇ ಒಂದೇ ಸರ್ಫೇಸ್ ಪ್ಲೇಟ್ ಮೇಲೆ ಇಡಿ. ಮೈಕ್ರೋಮೀಟರನ್ನು ಸ್ಟ್ಯಾಂಡಿಗೆ ಕಟ್ಟಿ, ಇಲ್ಲವೇ ಫ್ರೇಮಿನ ಪ್ಲಾಸ್ಟಿಕ್ ಹಿಡಿಯಲ್ಲಿ ಮಾತ್ರ ಹಿಡಿಯಿರಿ.

## ಲಕ್ಷಣ: ಟಾಲರೆನ್ಸ್ ಲೆಕ್ಕದಲ್ಲಿ ಪಾಸ್, ಒಟ್ಟು ವ್ಯತ್ಯಾಸದ ಲೆಕ್ಕದಲ್ಲಿ ಫೇಲ್

ದೋಷ ಅಳತೆಯಲ್ಲಿಲ್ಲ, ಶಾಫ್ಟ್ ಆರಿಸಿದ ರೀತಿಯಲ್ಲಿದೆ. ಒಂದೇ ತಾಸಿನಲ್ಲಿ ಸಾಲಾಗಿ ಬಂದ ಹತ್ತು ಶಾಫ್ಟ್ ಎತ್ತಿಕೊಂಡರೆ ಅವೆಲ್ಲ ಒಂದರಂತೆ ಇನ್ನೊಂದು ಇರುತ್ತವೆ. ಜಿಆರ್‌ಆರ್ 0.85 ಮೈಕ್ರಾನ್ ಇರುವ ಒಳ್ಳೆಯ ಅಳತೆಯನ್ನೇ ತೆಗೆದುಕೊಳ್ಳಿ. ಶಾಫ್ಟ್‌ಗಳ ರೇಂಜ್ 13 ಮೈಕ್ರಾನ್ ಇದ್ದರೆ ಅದು ಒಟ್ಟು ವ್ಯತ್ಯಾಸದ, ಅಂದರೆ √(GRR² + PV²)ನ, 20 ಶೇಕಡಾ, ಎನ್‌ಡಿಸಿ 6. ಅದೇ ಜನ, ಅದೇ ಉಪಕರಣ, ಆದರೆ ಶಾಫ್ಟ್‌ಗಳ ರೇಂಜ್ ಬರೀ 4 ಮೈಕ್ರಾನ್ ಇದ್ದರೆ 56 ಶೇಕಡಾ, ಎನ್‌ಡಿಸಿ 2. ಬೇರೆ ಬೇರೆ ಶಿಫ್ಟ್, ಬೇರೆ ಬೇರೆ ದಿನ, ವೀಲ್ ಡ್ರೆಸ್ಸಿಂಗಿಗೆ ಮುಂಚಿನದು, ಆಮೇಲಿನದು ಹೀಗೆ ಹೆಕ್ಕಿ ತೆಗೆಯಿರಿ. ಉತ್ಪಾದನೆಯಲ್ಲಿ ನಿಜವಾಗಿ ಬರುವ ಹರವು ಹತ್ತರಲ್ಲೂ ಕಾಣಬೇಕು. ಹಾಗೆಂದು ಗುಜರಿಗೆ ಹಾಕಿದ ಶಾಫ್ಟ್ ಸೇರಿಸಿ ಹರವು ಹಿಗ್ಗಿಸುವುದು ತಪ್ಪು. ಶೇಕಡಾ ಇಳಿಯುತ್ತದೆ, ಅದು ಸುಳ್ಳು ಇಳಿಕೆ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕರೆಯಬೇಕು

ಮೂರನೆಯ ಆಪರೇಟರ್ ರ‍್ಯಾಚೆಟ್ ಹಿಡಿದ ಮೇಲೆ, ಅಳೆಯುವ ಜಾಗ ಗುರುತಾದ ಮೇಲೆ ನಮ್ಮ ಉದಾಹರಣೆಯಲ್ಲಿ ಮತ್ತೆ 90 ರೀಡಿಂಗ್ ತೆಗೆದರೆ ಸರಾಸರಿ ರೇಂಜ್ 1.4 ಮೈಕ್ರಾನ್, ಸರಾಸರಿಗಳ ಅಂತರ 0.5. ಇವಿ 0.83, ಎವಿ 0.21, ಜಿಆರ್‌ಆರ್ 0.85. ಟಾಲರೆನ್ಸಿನ 24 ಶೇಕಡಾ. 59ರಿಂದ 24ಕ್ಕೆ ಬಂದದ್ದು ಒಂದು ರೂಪಾಯಿ ಖರ್ಚಿಲ್ಲದೆ.

ಆದರೂ 10ಕ್ಕೂ 30ಕ್ಕೂ ನಡುವೆ ಇದೆ. ಇದು ನಡೆಯುತ್ತದೋ ಇಲ್ಲವೋ ಎಂಬುದನ್ನು ಶಾಪಿನಲ್ಲಿ ಕೂತು ನಿರ್ಧರಿಸುವಂತಿಲ್ಲ, ಗಿರಾಕಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಬೇಕು. 10ರ ಒಳಗೆ ಬೇಕೇ ಬೇಕು ಎಂದರೆ ಜಿಆರ್‌ಆರ್ 0.35 ಮೈಕ್ರಾನ್‌ಗೆ ಇಳಿಯಬೇಕು. 1 ಮೈಕ್ರಾನ್ ಓದುವ ಕೈ ಮೈಕ್ರೋಮೀಟರಿಂದ ಅದು ಆಗದ ಮಾತು, ಎಷ್ಟು ಟ್ರೇನಿಂಗ್ ಕೊಟ್ಟರೂ ಆಗದು. ಅಲ್ಲಿಗೆ ಏರ್ ಗೇಜ್ ಬೇಕು, ಅಥವಾ ಮಾಸ್ಟರ್ ಇಟ್ಟು ಸೆಟ್ ಮಾಡುವ ಬೆಂಚ್ ಕಂಪ್ಯಾರೇಟರ್. ಈ ಖರ್ಚಿನ ಮಾತು ಆಪರೇಟರ್‌ಗಳನ್ನು ಮೂರನೇ ಸಲ ಕೂರಿಸುವ ಮುಂಚೆಯೇ ಮಾಲೀಕರ ಮುಂದೆ ಇಡಿ.

ಮೈಕ್ರೋಮೀಟರನ್ನು ಲ್ಯಾಬಿಗೆ ಕಳಿಸಬೇಕಾದ ಲಕ್ಷಣಗಳು ಬೇರೆ. ಮುಖಗಳನ್ನು ಒರೆಸಿ ಐದು ಸಲ ಮುಚ್ಚಿದರೂ ಜೀರೋ 2 ಮೈಕ್ರಾನ್‌ಗಿಂತ ಹೆಚ್ಚು ಓಡಾಡಿದರೆ, ಸಣ್ಣ ಪಿನ್ನನ್ನು ಮುಖದ ನಡುವೆ ಮತ್ತು ಅಂಚಿನಲ್ಲಿ ಇಟ್ಟಾಗ ಬೇರೆ ಬೇರೆ ಅಂಕಿ ಬಂದರೆ, ಮುಖದ ಅಂಚು ಚಕ್ಕೆ ಎದ್ದಿದ್ದರೆ, ಕೆಳಗೆ ಬಿದ್ದದ್ದು ಗೊತ್ತಿದ್ದರೆ ಸ್ಟಡಿ ಅಲ್ಲೇ ನಿಲ್ಲಿಸಿ, ಉಪಕರಣಕ್ಕೆ ಕೆಂಪು ಟ್ಯಾಗ್ ಕಟ್ಟಿ. ಎಮರಿ ಪೇಪರ್‌ನಿಂದ ಮುಖ ಉಜ್ಜುವುದು, ಥಿಂಬಲ್ ಬಿಚ್ಚಿ ಎಣ್ಣೆ ಹಾಕುವುದು ಬೇಡ. ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬಿಗೆ ಕಳಿಸುವಾಗ ಬರೀ ಕ್ಯಾಲಿಬ್ರೇಷನ್ ಎಂದು ಬರೆಯದೆ, ಮುಖಗಳ ಸಮತಟ್ಟು ಮತ್ತು ಸಮಾಂತರವನ್ನೂ 24 ಮಿಮೀ ಹತ್ತಿರದ ದೋಷವನ್ನೂ ನೋಡಿ ಎಂದು ಚೀಟಿಯಲ್ಲಿ ಕೇಳಿ. ಅದೇ ಮೈಕ್ರೋಮೀಟರಿನಿಂದ ಹಿಂದಿನ ವಾರಗಳಲ್ಲಿ ಪಾಸ್ ಮಾಡಿದ ಶಾಫ್ಟ್ ಸ್ಟಾಕಿನಲ್ಲಿ ಉಳಿದಿದ್ದರೆ, 24.000 ಮತ್ತು 23.979ರ ಅಂಚಿನಲ್ಲಿ ಇರುವುದನ್ನು ಬೇರೆ ಮೈಕ್ರೋಮೀಟರಿಂದ ಮತ್ತೆ ಅಳೆದ ಮೇಲೆಯೇ ಗಾಡಿಗೆ ಹತ್ತಿಸಿ.